ಡಿಲೇ ಲೂಪ್: ಅಸೆಂಬ್ಲಿಯಲ್ಲಿ ಕಾಯುವ ಹೊತ್ತಿನ ಲೆಕ್ಕ

ಮೈಕ್ರೊಕಂಟ್ರೋಲರ್ ಲೆಕ್ಕ ಹಾಕಿದಷ್ಟು ಹೊತ್ತು ಬೇರೇನೂ ಮಾಡದೆ ಎಣಿಸುತ್ತ ಕೂರುವಂತೆ ಬರೆದ ಚಿಕ್ಕ ಅಸೆಂಬ್ಲಿ ತುಣುಕಿಗೆ ಡಿಲೇ ಲೂಪ್ ಎನ್ನುತ್ತಾರೆ. ರಿಜಿಸ್ಟರಿಗೆ ಒಂದು ಸಂಖ್ಯೆ ತುಂಬಿ, ಅದು ಸೊನ್ನೆಯಾಗುವವರೆಗೆ ಒಂದೊಂದಾಗಿ ಕಳೆಯುವುದಷ್ಟೇ ಅದರ ಕೆಲಸ. ಎಣಿಕೆಯ ಉತ್ತರ ಯಾರಿಗೂ ಬೇಕಿಲ್ಲ, ಎಣಿಸಲು ಹಿಡಿದ ಸಮಯ ಬೇಕು. ಸ್ವಿಚ್ಚಿನ ಅದುರಾಟ ನಿಲ್ಲುವವರೆಗೆ ಕಾಯಲು, ಎಲ್‌ಸಿಡಿ ಒಂದು ಆಜ್ಞೆಯನ್ನು ಮುಗಿಸುವವರೆಗೆ ತಡೆಯಲು, ಸ್ಟೆಪರ್ ಮೋಟಾರಿನ ಎರಡು ಹೆಜ್ಜೆಗಳ ನಡುವೆ ಅಂತರ ಬಿಡಲು ಇದನ್ನು ಬಳಸುತ್ತಾರೆ.

ಈ ಲೇಖನ 8051 ಕುಟುಂಬದ ಚಿಪ್‌ಗಳನ್ನು ಆಧಾರವಾಗಿ ಇಟ್ಟುಕೊಂಡಿದೆ. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ ಈ ವಿನ್ಯಾಸವನ್ನು ಆಮೇಲೆ ಅಟ್ಮೆಲ್, ಫಿಲಿಪ್ಸ್, ಡಲ್ಲಾಸ್ ಮುಂತಾದವರೂ ತಯಾರಿಸಿದರು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಯಂತ್ರದ ಕಂಟ್ರೋಲ್ ಬಾಕ್ಸ್ ಬಿಚ್ಚಿದರೆ 40 ಕಾಲಿನ ಈ ಚಿಪ್ ಇವತ್ತಿಗೂ ಎದುರಾಗುತ್ತದೆ. 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳೂ ಲ್ಯಾಬಿನಲ್ಲಿ ಇದೇ ಚಿಪ್ಪಿನ ಮೇಲೆ ಮೊದಲ ಡಿಲೇ ಬರೆದು ಎಲ್ಇಡಿ ಮಿನುಗಿಸುತ್ತ ಬಂದಿದ್ದಾರೆ. ಆ ಲ್ಯಾಬುಗಳ ಎಷ್ಟೋ ತರಬೇತಿ ಕಿಟ್‌ಗಳು ತಯಾರಾಗುವುದೂ ಪೀಣ್ಯದಲ್ಲೇ.

ಮೂರು ಸಂಖ್ಯೆಗಳು

ಡಿಲೇ ಎಷ್ಟು ಹೊತ್ತಿನದು ಎಂಬುದು ಪ್ರೋಗ್ರಾಮನ್ನು ಓದಿದ ಮಾತ್ರಕ್ಕೆ ತಿಳಿಯುವುದಿಲ್ಲ. ಮೂರು ಸಂಖ್ಯೆಗಳು ಸೇರಿ ಅದನ್ನು ನಿರ್ಧರಿಸುತ್ತವೆ, ಅವುಗಳಲ್ಲಿ ಒಂದು ಮಾತ್ರ ಪ್ರೋಗ್ರಾಮಿನೊಳಗೆ ಇರುತ್ತದೆ.

ಮೊದಲನೆಯದು ಕ್ರಿಸ್ಟಲ್‌ನ ಆವರ್ತನ. ಬೋರ್ಡಿನಲ್ಲಿ ಚಿಪ್ಪಿನ 18 ಮತ್ತು 19ನೇ ಪಿನ್‌ಗಳ ಪಕ್ಕ ಇರುವ ಬೆಳ್ಳಿಬಣ್ಣದ ಚಿಕ್ಕ ಡಬ್ಬಿಯ ನೆತ್ತಿಯ ಮೇಲೆ ಇದು ಅಚ್ಚಾಗಿರುತ್ತದೆ. 8051 ಬೋರ್ಡುಗಳಲ್ಲಿ ಅಲ್ಲಿ ಹೆಚ್ಚಾಗಿ ಕಾಣುವುದು 11.0592, ಅಂದರೆ ಅಷ್ಟು ಮೆಗಾಹರ್ಟ್ಸ್. ಎರಡನೆಯದು ಒಂದು ಮೆಷಿನ್ ಸೈಕಲ್‌ಗೆ ಎಷ್ಟು ಕ್ಲಾಕ್ ಬೇಕು ಎಂಬುದು. ಮೂಲ 8051ರಲ್ಲಿ ಅದು 12. ಹಾಗಾಗಿ 11.0592 ಮೆಗಾಹರ್ಟ್ಸನ್ನು 12ರಿಂದ ಭಾಗಿಸಿದರೆ ಸೆಕೆಂಡಿಗೆ 9,21,600 ಮೆಷಿನ್ ಸೈಕಲ್‌ಗಳು ಸಿಗುತ್ತವೆ, ಒಂದೊಂದೂ 1.085 ಮೈಕ್ರೊಸೆಕೆಂಡ್. ಮೂರನೆಯದು ಲೂಪಿನ ಸೂಚನೆಗಳು ಒಟ್ಟು ಎಷ್ಟು ಮೆಷಿನ್ ಸೈಕಲ್ ತಿನ್ನುತ್ತವೆ ಎಂಬುದು. ಪ್ರೋಗ್ರಾಮಿನಿಂದ ಎಣಿಸಬಹುದಾದದ್ದು ಇದೊಂದನ್ನೇ.

```
T = C × 12 / f
```

ಇಲ್ಲಿ `C` ಒಟ್ಟು ಮೆಷಿನ್ ಸೈಕಲ್, `f` ಕ್ರಿಸ್ಟಲ್ ಆವರ್ತನ.

12 ಮೆಗಾಹರ್ಟ್ಸ್ ಹಾಕಿದ್ದರೆ ಸೈಕಲ್ಲಿಗೆ ಸರಿಯಾಗಿ ಒಂದು ಮೈಕ್ರೊಸೆಕೆಂಡ್ ಬಂದು ಲೆಕ್ಕ ಸುಲಭವಾಗುತ್ತಿತ್ತು. ಆದರೂ 11.0592 ಎಂಬ ಮುರುಕು ಸಂಖ್ಯೆಯನ್ನು ಆರಿಸಲು ಸೀರಿಯಲ್ ಪೋರ್ಟ್ ಕಾರಣ. 9,21,600ನ್ನು 32ರಿಂದಲೂ ಮತ್ತೆ 3ರಿಂದಲೂ ಭಾಗಿಸಿದರೆ ಶೇಷವಿಲ್ಲದೆ 9600 ಬಾಡ್ ಸಿಗುತ್ತದೆ. 12 ಮೆಗಾಹರ್ಟ್ಸ್‌ನಲ್ಲಿ ಅದೇ ಭಾಗಾಕಾರಕ್ಕೆ ಸುಮಾರು 10,417 ಬಂದು, ಕಂಪ್ಯೂಟರಿನ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಸಂವಹನಕ್ಕೆ ಹೊಂದಿಸಿದ ಕ್ರಿಸ್ಟಲ್ಲಿನ ಮೇಲೆಯೇ ಡಿಲೇಯೂ ನಡೆಯಬೇಕಾದ್ದರಿಂದ ಲೆಕ್ಕದಲ್ಲಿ ದಶಾಂಶಗಳು ತಪ್ಪುವುದಿಲ್ಲ.

50 ಮಿಲಿಸೆಕೆಂಡಿನ ಲೆಕ್ಕ

ಒಂದು ಪವರ್ ಪ್ರೆಸ್ ಯಂತ್ರಕ್ಕೆ ಹೊಡೆತ ಎಣಿಸುವ ಬೋರ್ಡ್ ಮಾಡಬೇಕಿದೆ ಎಂದುಕೊಳ್ಳೋಣ. ರಾಮ್ ಕೆಳಗಿಳಿದಾಗಲೆಲ್ಲ ಲಿಮಿಟ್ ಸ್ವಿಚ್ ಒತ್ತುತ್ತದೆ, ಬೋರ್ಡ್ ಒಂದು ಕೂಡಿಸುತ್ತದೆ. ಸ್ವಿಚ್ಚಿನೊಳಗಿನ ಲೋಹದ ತುದಿಗಳು ತಾಗಿದ ಕೂಡಲೇ ನಿಲ್ಲುವುದಿಲ್ಲ. ಕೆಲವು ಮಿಲಿಸೆಕೆಂಡ್ ಕಾಲ ತಾಗಿ ಬಿಟ್ಟು ಅದುರುತ್ತವೆ. ಚಿಪ್ಪಿನ ಕಣ್ಣಿಗೆ ಅದು ಒಂದು ಒತ್ತಲ್ಲ, ಹತ್ತಾರು ಒತ್ತು. ಆದ್ದರಿಂದ ಮೊದಲ ಬದಲಾವಣೆ ಕಂಡ ಮೇಲೆ 50 ಮಿಲಿಸೆಕೆಂಡ್ ಕಾದು, ಮತ್ತೆ ನೋಡಿ, ಆಗಲೂ ಒತ್ತಿದ್ದರೆ ಮಾತ್ರ ಎಣಿಸಬೇಕು.

ರಿಜಿಸ್ಟರಿನಲ್ಲಿ ಎಂಟೇ ಬಿಟ್ ಇರುವುದರಿಂದ ಒಂದು ಲೂಪಿನ ಎಣಿಕೆ 256ನ್ನು ದಾಟದು. ಅದಕ್ಕೆ ಒಂದರೊಳಗೆ ಇನ್ನೊಂದು ಲೂಪ್ ಇಡುತ್ತಾರೆ. ಅರ್ಧವಿರಾಮ ಚಿಹ್ನೆಯ ಮುಂದಿನ ಅಂಕಿ ಆ ಸೂಚನೆ ತೆಗೆದುಕೊಳ್ಳುವ ಮೆಷಿನ್ ಸೈಕಲ್.

```
DELAY:  MOV  R2, #95    ; 1
L1:     MOV  R3, #241   ; 1
L2:     DJNZ R3, L2     ; 2
        DJNZ R2, L1     ; 2
        RET             ; 2
```

`DJNZ` ಒಂದು ಕಳೆಯುತ್ತದೆ, ಸೊನ್ನೆಯಾಗದಿದ್ದರೆ ಹೆಸರಿಸಿದ ಜಾಗಕ್ಕೆ ಹಾರುತ್ತದೆ. ಹಾರಿದರೂ ಹಾರದಿದ್ದರೂ ಅದಕ್ಕೆ ಎರಡೇ ಸೈಕಲ್, ಇದು 8051ರ ದೊಡ್ಡ ಅನುಕೂಲ. ಹಳೆಯ 8085ರಲ್ಲಿ ಹೀಗಿರಲಿಲ್ಲ. ಅಲ್ಲಿ `JNZ` ಹಾರಿದರೆ 10, ಹಾರದಿದ್ದರೆ 7 ಟಿ-ಸ್ಟೇಟ್ ತೆಗೆದುಕೊಳ್ಳುವುದರಿಂದ ಕೊನೆಯ ಸುತ್ತಿಗೆ ಮೂರನ್ನು ಕಳೆಯಬೇಕಿತ್ತು. ಪರೀಕ್ಷೆಯಲ್ಲಿ ಆ ಮೂರನ್ನು ಮರೆತು ಅಂಕ ಕಳೆದುಕೊಂಡವರು ಬಹಳ.

ಈಗ ಒಳಗಿನಿಂದ ಹೊರಗೆ ಎಣಿಸಬೇಕು. ಒಳಲೂಪ್ 241 ಸಲ ತಿರುಗಿದರೆ 482 ಸೈಕಲ್. ಅದಕ್ಕೆ ಮುಂಚಿನ `MOV` ಒಂದು, ಆಮೇಲಿನ `DJNZ` ಎರಡು ಸೇರಿ ಹೊರಲೂಪಿನ ಒಂದು ಸುತ್ತಿಗೆ 485. ಇಂಥ 95 ಸುತ್ತಿಗೆ 46,075. ಮೊದಲ ಸಾಲಿನ `MOV` ಒಂದು, `RET` ಎರಡು, ಈ ತುಣುಕನ್ನು ಕರೆಯುವ `ACALL` ಎರಡು ಸೇರಿದರೆ 46,080. ಸೆಕೆಂಡಿಗೆ 9,21,600 ಸೈಕಲ್ ಎಂದಾದರೆ ಇದು ಒಂದು ಸೈಕಲ್ಲೂ ಹೆಚ್ಚುಕಡಿಮೆ ಇಲ್ಲದೆ 50 ಮಿಲಿಸೆಕೆಂಡ್.

95 ಮತ್ತು 241 ಸಿಕ್ಕಿದ್ದು ಲೆಕ್ಕವನ್ನು ಹಿಂದುಮುಂದು ಮಾಡಿದ್ದರಿಂದ. ಬೇಕಾದ 46,080ರಲ್ಲಿ ಸ್ಥಿರವಾದ 5ನ್ನು ಕಳೆದರೆ ಉಳಿಯುವುದು 46,075. ಹೊರ ಎಣಿಕೆಯನ್ನು `N`, ಒಳ ಎಣಿಕೆಯನ್ನು `M` ಎಂದರೆ ಬೇಕಾದದ್ದು ಇಷ್ಟು:

```
N × (2M + 3) = 46075
```

46,075ರ ಅಪವರ್ತನಗಳು 5, 5, 19 ಮತ್ತು 97. ಇವನ್ನು 95 ಮತ್ತು 485 ಎಂದು ಎರಡು ಪಾಲು ಮಾಡಿದರೆ ಎರಡೂ ಮಿತಿಯೊಳಗೆ ಬರುತ್ತವೆ. ಎಲ್ಲ ಅವಧಿಗೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಹೊಂದದಿದ್ದಾಗ ಹತ್ತಿರದ ಎಣಿಕೆ ಹಿಡಿದು, ಕೊರತೆಯನ್ನು `NOP` ಅಥವಾ ಇನ್ನೊಂದು ಪುಟ್ಟ ಲೂಪಿನಿಂದ ತುಂಬುತ್ತಾರೆ. ಉದಾಹರಣೆಗೆ 100 ಮತ್ತು 229 ಹಾಕಿದ್ದರೆ 46,105 ಸೈಕಲ್ ಬಂದು 27 ಮೈಕ್ರೊಸೆಕೆಂಡ್ ಹೆಚ್ಚಾಗುತ್ತಿತ್ತು.

ಆ 27 ಮೈಕ್ರೊಸೆಕೆಂಡಿಗೆ ತಲೆ ಕೆಡಿಸಿಕೊಳ್ಳಬೇಕೇ ಎಂಬುದು ಕೆಲಸವನ್ನು ನೋಡಿ ತೀರ್ಮಾನಿಸುವ ಮಾತು. ಸ್ವಿಚ್ಚಿನ ಅದುರಾಟಕ್ಕಾದರೆ ಬೇಡವೇ ಬೇಡ, ಅಲ್ಲಿ ಐದು ಮಿಲಿಸೆಕೆಂಡ್ ಆಚೀಚೆಯಾದರೂ ನಡೆಯುತ್ತದೆ. ಕ್ರಿಸ್ಟಲ್ಲಿಗೂ ತನ್ನದೇ ತಪ್ಪಿರುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ಆಚೀಚೆ ಎಂದು ಮಾರುವ ಕ್ರಿಸ್ಟಲ್ಲು 50 ಮಿಲಿಸೆಕೆಂಡಿನಲ್ಲಿ ಎರಡೂವರೆ ಮೈಕ್ರೊಸೆಕೆಂಡ್ ತಪ್ಪಬಹುದು. ಅದಕ್ಕಿಂತ ಸೂಕ್ಷ್ಮವಾಗಿ ಸೈಕಲ್ ಹೊಂದಿಸಿದ್ದು ಕಾಗದದ ಮೇಲಷ್ಟೇ ಉಳಿಯುತ್ತದೆ. ಹಾಗಿದ್ದರೂ ಒಮ್ಮೆ ಪೂರ್ತಿ ಲೆಕ್ಕ ಹಾಕುವುದು ಒಳ್ಳೆಯದು. ಅಳೆದಾಗ ಬರಬೇಕಾದ ಸಂಖ್ಯೆ ಗೊತ್ತಿದ್ದರೆ ಮಾತ್ರ ಬಂದ ಸಂಖ್ಯೆ ತಪ್ಪೆಂದು ಗುರುತಿಸಲು ಸಾಧ್ಯ.

ಕಣ್ಣಿಗೆ ಬೀಳದ ತಪ್ಪು

ಲೂಪಿನ ಲೇಬಲ್‌ನಲ್ಲಿ ಆಗುವ ತಪ್ಪುಗಳಲ್ಲಿ ಎರಡು ಬಗೆ. ಹೊರಗಿನ `DJNZ` ತಪ್ಪಿ `DELAY`ಗೆ ಹಾರಿದರೆ R2ಗೆ ಪ್ರತಿ ಸಲವೂ 95 ಮತ್ತೆ ತುಂಬಿಕೊಳ್ಳುತ್ತದೆ, ಲೂಪ್ ಎಂದೂ ಮುಗಿಯುವುದಿಲ್ಲ. ಬೋರ್ಡ್ ನಿಂತುಬಿಡುವುದರಿಂದ ಈ ತಪ್ಪನ್ನು ಆ ದಿನವೇ ಹಿಡಿಯುತ್ತಾರೆ.

ಎರಡನೆಯದು ಹಾಗಲ್ಲ. ಹೊರಗಿನ `DJNZ`, `L1`ರ ಬದಲು `L2`ಗೆ ಹಾರಿತು ಎನ್ನಿ. ಆ ಹೊತ್ತಿಗೆ R3 ಸೊನ್ನೆಯಾಗಿದೆ, 241 ಮತ್ತೆ ತುಂಬುವ ಸಾಲು ತಪ್ಪಿಹೋಗಿದೆ. `DJNZ` ಮೊದಲು ಕಳೆದು ಆಮೇಲೆ ನೋಡುವುದರಿಂದ ಸೊನ್ನೆಯಿಂದ ಒಂದು ಕಳೆದು 255 ಆಗುತ್ತದೆ. ಹೀಗೆ ಎರಡನೇ ಸುತ್ತಿನಿಂದ ಒಳಲೂಪ್ 241ರ ಬದಲು 256 ಸಲ ತಿರುಗುತ್ತದೆ. ಒಟ್ಟು 48,806 ಸೈಕಲ್, ಅಂದರೆ 52.96 ಮಿಲಿಸೆಕೆಂಡ್. ಎಲ್ಇಡಿ ಮಿನುಗುತ್ತದೆ, ಸ್ವಿಚ್ ಕೆಲಸ ಮಾಡುತ್ತದೆ, ಬೋರ್ಡ್ ಪಾಸಾಗುತ್ತದೆ. ಸುಮಾರು ಶೇಕಡಾ 6ರ ಈ ತಪ್ಪು ಬೆಳಕಿಗೆ ಬರುವುದು ಇದೇ ಡಿಲೇಯನ್ನು 20 ಸಲ ಕರೆದು ಒಂದು ಸೆಕೆಂಡ್ ಮಾಡಿ, ಅದರ ಮೇಲೆ ನಿಮಿಷಗಳನ್ನು ಎಣಿಸಲು ಹೊರಟಾಗ. ಒಂದು ಗಂಟೆಯ ಲೆಕ್ಕ ಮೂರೂವರೆ ನಿಮಿಷ ಹಿಂದೆ ಬೀಳುತ್ತದೆ.

ಸೊನ್ನೆ ತುಂಬಿದರೆ 256 ಸುತ್ತು ಎಂಬ ಇದೇ ಗುಣವನ್ನು ಬೇಕೆಂದೇ ಬಳಸುವುದೂ ಉಂಟು. ಎರಡೂ ರಿಜಿಸ್ಟರಿಗೆ ಸೊನ್ನೆ ಹಾಕಿದಾಗ ಈ ತುಣುಕಿನ ಗರಿಷ್ಠ ಅವಧಿ 143 ಮಿಲಿಸೆಕೆಂಡ್. ಅದಕ್ಕೂ ಹೆಚ್ಚು ಬೇಕಿದ್ದರೆ ಮೂರನೇ ಲೂಪ್ ಬೇಕು.

ಚಿಪ್ ಬದಲಾದಾಗ

ಎಣಿಸುವ ಬೋರ್ಡ್ ಕೆಲವು ವರ್ಷ ಓಡಿದ ಮೇಲೆ ಅದರ ಚಿಪ್ ಸುಟ್ಟಿತು ಎಂದುಕೊಳ್ಳೋಣ. ಎಸ್.ಪಿ. ರೋಡಿಗೆ ಹೋಗಿ ಅದೇ 40 ಕಾಲಿನ, ಅದೇ ಸಾಕೆಟ್ಟಿಗೆ ಕೂರುವ ಇನ್ನೊಂದು ಚಿಪ್ ತಂದು, ಅದೇ ಹೆಕ್ಸ್ ಫೈಲ್ ತುಂಬುತ್ತಾರೆ. ಪ್ರೋಗ್ರಾಮ್ ಒಂದಕ್ಷರವೂ ಬದಲಾಗಿಲ್ಲ, ಕ್ರಿಸ್ಟಲ್ಲೂ ಅದೇ. ಮೇಲೆ ಹೇಳಿದ ಎರಡನೆಯ ಸಂಖ್ಯೆ ಮಾತ್ರ ಸದ್ದಿಲ್ಲದೆ ಬದಲಾಗಿರಬಹುದು.

P89V51RD2ದಂಥ ಚಿಪ್‌ಗಳಲ್ಲಿ ಮೆಷಿನ್ ಸೈಕಲ್ಲಿಗೆ 12 ಕ್ಲಾಕಿನ ಬದಲು 6 ಎಂದು ಹೊಂದಿಸಿಕೊಳ್ಳಬಹುದು. ಹಾಗೆ ಹೊಂದಿಸಿದ ಚಿಪ್ ಸಿಕ್ಕರೆ 50 ಮಿಲಿಸೆಕೆಂಡ್ ನೇರವಾಗಿ 25 ಆಗುತ್ತದೆ. ಸೂಚನೆಗಳ ಸೈಕಲ್ ಎಣಿಕೆ ಮೊದಲಿನಂತೆಯೇ ಇರುವುದರಿಂದ ಅರ್ಧ ಮಾಡಿದರೆ ಸಾಕು.

ಡಲ್ಲಾಸ್ ಕಂಪನಿಯ DS89C4x0 ಸರಣಿಯಲ್ಲಿ ವಿಷಯ ಇಷ್ಟು ಸರಳವಲ್ಲ. ಅಲ್ಲಿ ಸೈಕಲ್ಲಿಗೆ ಒಂದೇ ಕ್ಲಾಕ್. ಹಾಗಾದರೆ ಡಿಲೇ ಹನ್ನೆರಡನೇ ಒಂದು ಪಾಲಾಗಿ 4.2 ಮಿಲಿಸೆಕೆಂಡ್ ಆಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಆ ಚಿಪ್ಪಿನಲ್ಲಿ `DJNZ R3`ಗೆ ಎರಡರ ಬದಲು ನಾಲ್ಕು ಸೈಕಲ್, `MOV R3, #241`ಗೆ ಒಂದರ ಬದಲು ಎರಡು. ಹೊರಲೂಪಿನ ಒಂದು ಸುತ್ತಿಗೆ 970 ಕ್ಲಾಕ್, 95 ಸುತ್ತಿಗೆ 92,150. ಅದನ್ನು 11.0592 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ 8.3 ಮಿಲಿಸೆಕೆಂಡ್ ಬರುತ್ತದೆ. ಹೀಗೆ ಚಿಪ್ ಬದಲಾದರೆ ಭಾಜಕದ ಜೊತೆ ಸೂಚನೆಗಳ ಕೋಷ್ಟಕವನ್ನೂ ಹೊಸದಾಗಿ ನೋಡಬೇಕು.

ಪ್ರೆಸ್ಸಿನ ಹತ್ತಿರ ನಿಂತವನಿಗೆ ಇದು ಹೇಗೆ ಕಾಣುತ್ತದೆ? ಸವೆದ ಲಿಮಿಟ್ ಸ್ವಿಚ್ ಹತ್ತು ಹನ್ನೆರಡು ಮಿಲಿಸೆಕೆಂಡ್ ಅದುರುತ್ತಿದ್ದರೆ 25 ಮಿಲಿಸೆಕೆಂಡಿನ ಕಾಯುವಿಕೆ ಇನ್ನೂ ಅದನ್ನು ತಡೆಯುತ್ತದೆ, 8.3 ತಡೆಯಲಾರದು. ಆಗೊಮ್ಮೆ ಈಗೊಮ್ಮೆ ಒಂದು ಹೊಡೆತಕ್ಕೆ ಎರಡು ಎಣಿಕೆ ಬೀಳುತ್ತದೆ. ಡಿಸ್‌ಪ್ಲೇ 500 ತೋರಿಸುವಾಗ ಡಬ್ಬಿಯಲ್ಲಿ ಅದಕ್ಕಿಂತ ಕಡಿಮೆ ಪೀಸ್ ಇರುತ್ತವೆ. ಎಲ್ಲರೂ ಸ್ವಿಚ್ಚಿನ ಮೇಲೆ ಅನುಮಾನಪಟ್ಟು ಅದನ್ನು ಬದಲಿಸುತ್ತಾರೆ. ಹೊಸ ಸ್ವಿಚ್ ಕಡಿಮೆ ಅದುರುವುದರಿಂದ ತೊಂದರೆ ಮಾಯವಾಗಿ, ಅದು ಸವೆದ ಮೇಲೆ ಮರಳಿ ಬರುತ್ತದೆ. ಎಲ್‌ಸಿಡಿಯೂ ಇದೇ ಸುಳಿವು ಕೊಡುತ್ತದೆ. ಹಿಟಾಚಿಯ HD44780 ಮಾದರಿಯ ಡಿಸ್‌ಪ್ಲೇಗೆ ಪರದೆ ಅಳಿಸಲು 1.52 ಮಿಲಿಸೆಕೆಂಡ್ ಬೇಕು. ಅದಕ್ಕೆಂದು ಇಟ್ಟ 5 ಮಿಲಿಸೆಕೆಂಡಿನ ಡಿಲೇ ಇಂಥ ಚಿಪ್ಪಿನಲ್ಲಿ 0.83ಕ್ಕೆ ಕುಗ್ಗಿ, ಅಳಿಸಿದ ಮೇಲಿನ ಮೊದಲ ಅಕ್ಷರಗಳು ಕಾಣೆಯಾಗುತ್ತವೆ. ಎಣಿಕೆ ಹೆಚ್ಚುವುದೂ ಅಕ್ಷರ ನುಂಗುವುದೂ ಚಿಪ್ ಬದಲಾದ ಮೇಲೆ ಒಟ್ಟಿಗೇ ಶುರುವಾದರೆ, ಸ್ವಿಚ್ಚನ್ನೂ ಡಿಸ್‌ಪ್ಲೇಯನ್ನೂ ಬಿಟ್ಟು ಕ್ಲಾಕಿನ ಕಡೆ ನೋಡಬೇಕು.

ಅಳೆಯುವ ಬಗೆ

ಕ್ರಿಸ್ಟಲ್ಲಿನ ಪಿನ್ನಿಗೇ ಆಸಿಲೋಸ್ಕೋಪಿನ ಪ್ರೋಬ್ ಇಡುವುದು ಹೊಸಬರ ಅಭ್ಯಾಸ. ಪ್ರೋಬಿನ ಕೆಪ್ಯಾಸಿಟೆನ್ಸ್ ಆ ಸೂಕ್ಷ್ಮ ಸರ್ಕಿಟ್ಟಿಗೆ ಸೇರಿಕೊಂಡು ಆವರ್ತನ ಜರುಗಬಹುದು, ಕೆಲವೊಮ್ಮೆ ಕ್ರಿಸ್ಟಲ್ಲೇ ನಿಂತುಹೋಗಬಹುದು. ಅದರ ಬದಲು 30ನೇ ಪಿನ್, ಅಂದರೆ ಎಎಲ್ಇ ಪಿನ್ನನ್ನು ನೋಡಬೇಕು. ಮೂಲ 8051ರಲ್ಲಿ ಅದು ಒಂದು ಮೆಷಿನ್ ಸೈಕಲ್ಲಿಗೆ ಎರಡು ಸಲ ಮಿಡಿಯುತ್ತದೆ. 11.0592 ಕ್ರಿಸ್ಟಲ್ಲಿನ 12 ಕ್ಲಾಕಿನ ಚಿಪ್ಪಿನಲ್ಲಿ ಅಲ್ಲಿ 1.8432 ಮೆಗಾಹರ್ಟ್ಸ್ ಕಾಣುತ್ತದೆ. ಯಾರೋ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ್ದರೆ ಸರಿಯಾಗಿ 2, 6 ಕ್ಲಾಕಿಗೆ ಹೊಂದಿಸಿದ ಚಿಪ್ ಆಗಿದ್ದರೆ 3.6864. ಕ್ರಿಸ್ಟಲ್ ಮತ್ತು ಭಾಜಕ ಎರಡನ್ನೂ ಒಂದೇ ಅಳತೆಯಲ್ಲಿ ತಿಳಿಸುವ ಪಿನ್ ಇದು. ಹೊರಗಿನ ಮೆಮೊರಿ ಓದುವ `MOVX` ಸೂಚನೆ ನಡೆಯುವಾಗ ಒಂದು ಮಿಡಿತ ತಪ್ಪುತ್ತದೆ ಎಂಬುದು ನೆನಪಿರಲಿ. AT89S52ದಂಥ ಚಿಪ್‌ಗಳಲ್ಲಿ ಈ ಮಿಡಿತವನ್ನು ಪ್ರೋಗ್ರಾಮಿನಿಂದಲೇ ನಿಲ್ಲಿಸಿರಲೂಬಹುದು.

ಡಿಲೇಯನ್ನೇ ಅಳೆಯಬೇಕಾದರೆ ಒಂದು ಪಿನ್ನನ್ನು ತಿರುವುತ್ತ ಹೋಗುವುದು ವಾಡಿಕೆ.

```
AGAIN:  CPL   P1.0     ; 1
        ACALL DELAY    ; 46080
        SJMP  AGAIN    ; 2
```

ಇಲ್ಲಿ ಅರ್ಧ ಅಲೆಗೆ 46,080 ಅಲ್ಲ, `CPL` ಮತ್ತು `SJMP` ಸೇರಿ 46,083 ಸೈಕಲ್. 50 ಮಿಲಿಸೆಕೆಂಡಿನಲ್ಲಿ ಈ ಮೂರು ಸೈಕಲ್ ಲೆಕ್ಕಕ್ಕೆ ಬರುವುದಿಲ್ಲ. ಆದರೆ 20 ಮೈಕ್ರೊಸೆಕೆಂಡಿನ ಡಿಲೇಯನ್ನು ಹೀಗೆ ಅಳೆದವರಿಗೆ ಶೇಕಡಾ 16ರಷ್ಟು ಹೆಚ್ಚು ಕಂಡು, ಲೂಪೇ ತಪ್ಪೆಂಬ ಅನುಮಾನ ಬರುತ್ತದೆ.

ಕೈಲ್ ಸಿಮ್ಯುಲೇಟರಿನಲ್ಲಿ ನೋಡುವವರು ಟಾರ್ಗೆಟ್ ಪುಟದ `Xtal (MHz)` ಚೌಕವನ್ನು ಮೊದಲು ತಿದ್ದಬೇಕು. ಅಲ್ಲಿ 24 ಇದ್ದುಬಿಟ್ಟರೆ ಇದೇ ತುಣುಕಿಗೆ 23.04 ಮಿಲಿಸೆಕೆಂಡ್ ತೋರಿಸುತ್ತದೆ. ಸಿಮ್ಯುಲೇಟರ್ ನಿಮ್ಮ ಬೋರ್ಡನ್ನು ನೋಡಿಲ್ಲ, ನೀವು ಹೇಳಿದ ಕ್ರಿಸ್ಟಲ್ಲನ್ನೇ ಅದು ನಂಬುತ್ತದೆ.

ಲೂಪಿನ ಮಿತಿ

ಇಲ್ಲಿಯವರೆಗಿನ ಲೆಕ್ಕವೆಲ್ಲ ಚಿಪ್ ಮಧ್ಯದಲ್ಲಿ ಎದ್ದುಹೋಗುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಇಂಟರಪ್ಟ್ ಬಂದರೆ ಅದು ಎದ್ದುಹೋಗುತ್ತದೆ, ಆ ಹೊತ್ತು ಡಿಲೇಗೆ ಸೇರಿಕೊಳ್ಳುತ್ತದೆ. 9600 ಬಾಡ್‌ನಲ್ಲಿ ಅಕ್ಷರಗಳು ಬಿಡುವಿಲ್ಲದೆ ಬರುತ್ತಿದ್ದರೆ ಸೆಕೆಂಡಿಗೆ 960 ಅಕ್ಷರ, ಅಂದರೆ ಪ್ರತಿ 960 ಸೈಕಲ್ಲಿಗೆ ಒಂದು ಇಂಟರಪ್ಟ್. ಪ್ರತಿಯೊಂದಕ್ಕೂ 60 ಸೈಕಲ್ ಹಿಡಿದರೆ ಚಿಪ್ಪಿನ ಸಮಯದಲ್ಲಿ ಹದಿನಾರನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಉಳಿದ ಹದಿನೈದು ಪಾಲಿನಲ್ಲಿ 50 ಮಿಲಿಸೆಕೆಂಡಿನ ಲೂಪ್ ಮುಗಿಯಬೇಕಾದ್ದರಿಂದ ಅದು 53.3 ಆಗುತ್ತದೆ. ಅಕ್ಷರಗಳು ನಿಂತೊಡನೆ ಮತ್ತೆ 50. ಹೀಗೆ ಆಗಾಗ ಬದಲಾಗುವ ಡಿಲೇ ಕಂಡರೆ ಮೊದಲು ಇಂಟರಪ್ಟನ್ನು ಅನುಮಾನಿಸಬೇಕು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ಎಂಬೆಡೆಡ್ ಕೆಲಸ ಮಾಡುವವರ ಕೈಯಲ್ಲಿ ಈಗ ಹೆಚ್ಚಾಗಿ ಇರುವುದು ಆರ್ಮ್ ಕಾರ್ಟೆಕ್ಸ್ ಚಿಪ್‌ಗಳು. ಅಲ್ಲಿ ಈ ಎಣಿಕೆಯ ವಿಧಾನವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಾರ್ಟೆಕ್ಸ್-ಎಂ3ರಲ್ಲಿ ಹಾರುವ ಸೂಚನೆಯೊಂದಕ್ಕೇ ಪೈಪ್‌ಲೈನ್ ಮತ್ತೆ ತುಂಬಲು ಒಂದರಿಂದ ಮೂರು ಸೈಕಲ್ ಹೆಚ್ಚು ಬೇಕಾಗಬಹುದು. ಅದರ ಮೇಲೆ ಫ್ಲ್ಯಾಶ್ ಮೆಮೊರಿಯ ವೇಯ್ಟ್ ಸ್ಟೇಟ್ ಸೇರುತ್ತದೆ. ಅದೇ ಲೂಪ್ ಮೆಮೊರಿಯ ಇನ್ನೊಂದು ವಿಳಾಸದಲ್ಲಿ ಕೂತರೆ ಅವಧಿ ಬೇರೆಯಾಗುವುದೂ ಉಂಟು. ಆದ್ದರಿಂದ ಅಲ್ಲಿ ಸಮಯವನ್ನು ಸಿಸ್‌ಟಿಕ್ ಟೈಮರಿಗೆ ವಹಿಸಿ, ಕಾಯುವ ಹೊತ್ತಿನಲ್ಲಿ ಚಿಪ್ಪಿಗೆ ಬೇರೆ ಕೆಲಸ ಕೊಡುತ್ತಾರೆ. 8051ರಲ್ಲಿಯೂ ಟೈಮರ್‌ಗಳಿವೆ. ಕೆಲವು ಮಿಲಿಸೆಕೆಂಡ್ ಮೀರಿದ ಕಾಯುವಿಕೆಗೆ, ಅದರಲ್ಲೂ ಇಂಟರಪ್ಟ್ ಇರುವ ಬೋರ್ಡಿನಲ್ಲಿ, ಅವನ್ನೇ ಬಳಸುವುದು ಸರಿ. ಲೂಪಿಗೆ ಉಳಿಯುವ ನಿಜವಾದ ಜಾಗ ಟೈಮರ್ ಹೊಂದಿಸುವಷ್ಟರಲ್ಲೇ ಮುಗಿದುಹೋಗುವ ಕೆಲವೇ ಮೈಕ್ರೊಸೆಕೆಂಡುಗಳ ಕಾಯುವಿಕೆ.

ಹಾಗಿದ್ದರೂ ಹಳೆಯ ಬೋರ್ಡುಗಳ ಹೆಕ್ಸ್ ಫೈಲುಗಳಲ್ಲಿ ಈ ಲೂಪ್‌ಗಳು ಓಡುತ್ತಲೇ ಇವೆ, ಅವನ್ನು ಬರೆದವರು ಈಗ ಎಲ್ಲಿದ್ದಾರೋ ಗೊತ್ತಿರುವುದಿಲ್ಲ. ಡಿಲೇ ಬರೆಯುವ ಪ್ರತಿಯೊಬ್ಬರೂ ಅದರ ತಲೆಯ ಮೇಲೆ ಈ ಒಂದು ಸಾಲು ಬರೆದಿಡಬೇಕು. ಚಿಪ್ ಬದಲಿಸಲು ಮುಂದೆ ಬರುವವರಿಗೆ ಬೇಕಾಗುವುದು ಇಷ್ಟೇ.

```
; 50 ms: 11.0592 MHz, 12 clk/cycle, 46080 cycles
```